ತೀರ್ಪುಗಾರನಾಗಿ ವಿದ್ಯಾರ್ಥಿ: ಕಿರು ಫುಟ್‌ಬಾಲ್‌ನಲ್ಲಿ ನಿಯಮಬೋಧನೆ

ಗೋವೆಯ ಮಕ್ಕಳಿಗೆ ಫುಟ್‌ಬಾಲ್ ಹೊಸತಲ್ಲ. ಆದರೆ ಓಣಿಯ ಆಟದಲ್ಲಿ ಹೆಚ್ಚು ಗಟ್ಟಿಯಾಗಿ ಕೂಗಿದವನ ಮಾತೇ ಬಹುಮಟ್ಟಿಗೆ ನಿಯಮವಾಗುತ್ತದೆ. ನಿಯಮವನ್ನು ಅನ್ವಯಿಸುವ ಹೊಣೆ ತನ್ನ ಮೇಲೆ ಬಿದ್ದಾಗಲೇ ಮಗು ಅದನ್ನು ಸ್ಪಷ್ಟವಾಗಿ ತಿಳಿಯುತ್ತದೆ.

ಪಾಠಾಂಶ: ಚೆಂಡು ಯಾವಾಗ ಆಟದ ಹೊರಗೆ ಹೋಗುತ್ತದೆ?

ವ್ಯವಸ್ಥೆ: 24 ವಿದ್ಯಾರ್ಥಿಗಳ ತರಗತಿಗೆ ಸುಮಾರು 20 ಮೀಟರ್ ಉದ್ದ, 15 ಮೀಟರ್ ಅಗಲದ ಮೂರು ಅಂಗಣಗಳನ್ನು ಸುಣ್ಣದ ಗೆರೆಗಳಿಂದ ಗುರುತಿಸಬೇಕು. ಪ್ರತಿ ಅಂಗಣದಲ್ಲಿ ಎಂಟು ಮಂದಿ: ಮೂವರಂತೆ ಎರಡು ತಂಡ, ಸೀಟಿ ಹಿಡಿದ ಒಬ್ಬ ತೀರ್ಪುಗಾರ, ಬಣ್ಣದ ಕರವಸ್ತ್ರ ಹಿಡಿದ ಒಬ್ಬ ಗೆರೆಯ ಸಹಾಯಕ. ಐದೈದು ನಿಮಿಷಗಳ ನಾಲ್ಕು ಸುತ್ತುಗಳಾದರೆ ಪ್ರತಿಯೊಬ್ಬರಿಗೂ ಒಮ್ಮೆ ಈ ಎರಡರಲ್ಲಿ ಒಂದು ಹೊಣೆ ದೊರೆಯುತ್ತದೆ. ಆಫ್‌ಸೈಡ್ ನಿಯಮವನ್ನು ಈ ಪಾಠದಲ್ಲಿ ಕೈಬಿಡಬೇಕು.

ಪೂರ್ವಸಿದ್ಧತೆ: ಚೆಂಡು ಸಂಪೂರ್ಣವಾಗಿ ಗೆರೆಯನ್ನು ದಾಟಿದರೆ ಮಾತ್ರ ಹೊರಗೆ, ಗೆರೆಯೂ ಅಂಗಣದ ಭಾಗವೇ. ಚೆಂಡಿನ ಅಡಿ ಗೆರೆಯಾಚೆಯ ನೆಲವನ್ನು ಮುಟ್ಟಿ, ಅದರ ಉಬ್ಬು ಮಾತ್ರ ಗೆರೆಯ ಮೇಲೆ ಚಾಚಿರುವಂತೆ ಇಟ್ಟು ಮಕ್ಕಳನ್ನು ಕೇಳಬೇಕು. ಅಂಗಣದ ನಡುವಿನಿಂದ ನೋಡಿದವರು ‘ಹೊರಗೆ’ ಎನ್ನುವ ಸಂಭವ ಹೆಚ್ಚು. ಗೆರೆಯ ನೇರದಲ್ಲಿ ನಿಂತವರಿಗೆ ಚೆಂಡು ಇನ್ನೂ ಆಟದಲ್ಲಿದೆಯೆಂಬುದು ಕಾಣುತ್ತದೆ. ಸಹಾಯಕನ ಸ್ಥಾನ ಗೆರೆಯ ನೇರದಲ್ಲಿಯೇ ಏಕಿರಬೇಕೆಂಬುದು ಇದರಿಂದ ತಾನಾಗಿಯೇ ತಿಳಿಯುತ್ತದೆ.

ಒಂದು ಸನ್ನಿವೇಶ: ಚೆಂಡು ಉರುಳಿ ಪಕ್ಕದ ಗೆರೆಯ ಮೇಲೆ ಬರುತ್ತದೆ. ಕೆಂಪು ತಂಡದವನು ‘ಔಟ್’ ಎಂದು ಕೂಗಿ ಅದನ್ನು ಕೈಯಿಂದ ಎತ್ತಿಕೊಳ್ಳುತ್ತಾನೆ. ಸಹಾಯಕನು ಕರವಸ್ತ್ರ ಎತ್ತಿಲ್ಲ. ಆದರೂ ಕೂಗಿಗೆ ಮಣಿದ ತೀರ್ಪುಗಾರನು ಎಸೆತಕ್ಕೆ ಸೂಚಿಸುತ್ತಾನೆ. ಆಗ ಸಹಾಯಕನು, “ಚೆಂಡು ಪೂರ್ತಿ ಗೆರೆ ದಾಟಿರಲಿಲ್ಲ” ಎಂದು ತಿಳಿಸುತ್ತಾನೆ. ಆಟ ಇನ್ನೂ ಪುನರಾರಂಭವಾಗಿಲ್ಲವಾದ್ದರಿಂದ ತೀರ್ಪನ್ನು ತಿದ್ದಬಹುದು. ಚೆಂಡು ಆಟದಲ್ಲಿದ್ದಾಗಲೇ ಉದ್ದೇಶಪೂರ್ವಕವಾಗಿ ಕೈ ಬಳಸಿದ್ದರಿಂದ ಎದುರು ತಂಡಕ್ಕೆ ನೇರ ಫ್ರೀ ಕಿಕ್ ಸಲ್ಲುತ್ತದೆ. ಎಸೆತ ನಡೆದು ಆಟ ಮುಂದುವರಿದಿದ್ದರೆ, ತಪ್ಪು ಗೊತ್ತಾದರೂ ಆ ತೀರ್ಪನ್ನು ಬದಲಿಸುವಂತಿರಲಿಲ್ಲ.

ಇಲ್ಲಿ ಶಿಕ್ಷಕರಿಗೆ ಅತಿ ಕಠಿಣವಾದುದು ಮೌನ. ಕೆಂಪು ತಂಡದವರು, “ಸರ್, ನೀವೇ ಹೇಳಿ” ಎಂದು ಓಡಿಬರುತ್ತಾರೆ. ಶಿಕ್ಷಕರು ಒಮ್ಮೆ ತೀರ್ಪು ನೀಡಿದರೆ ಮುಂದಿನ ಪ್ರತಿ ಸೀಟಿಗೂ ಮಕ್ಕಳು ಅವರ ಮುಖವನ್ನೇ ನೋಡುತ್ತಾರೆ. ಸೀಟಿ ಹಿಡಿದವನು ಹೆಸರಿಗಷ್ಟೇ ತೀರ್ಪುಗಾರನಾಗುತ್ತಾನೆ. ಪೆಟ್ಟು ಅಥವಾ ಅಪಾಯದ ಸಂದರ್ಭವನ್ನು ಬಿಟ್ಟು ಉಳಿದೆಡೆ ಅವರು ಮಧ್ಯೆ ಪ್ರವೇಶಿಸಬಾರದು. ವಿವಾದವನ್ನು ಗುರುತು ಹಾಕಿಕೊಂಡು, ಸುತ್ತು ಮುಗಿದ ಮೇಲೆ ಚೆಂಡನ್ನು ಅದೇ ಜಾಗದಲ್ಲಿಟ್ಟು ಚರ್ಚಿಸಬೇಕು.

ಮೌಲ್ಯಮಾಪನ: ಪ್ರತಿ ತೀರ್ಪುಗಾರನು ತನ್ನ ಒಂದು ತೀರ್ಪನ್ನು ಮೂರು ಕನ್ನಡ ವಾಕ್ಯಗಳಲ್ಲಿ ವಿವರಿಸಲಿ: ಏನನ್ನು ಕಂಡೆ, ಯಾವ ನಿಯಮ ಅನ್ವಯಿಸಿತು, ಆಟವನ್ನು ಹೇಗೆ ಪುನರಾರಂಭಿಸಿದೆ. ಮೊದಲ ವಾಕ್ಯ ತಪ್ಪಿದ್ದರೆ ದೋಷ ನಿಂತ ಸ್ಥಳದ್ದು. ಅವನಿಗೆ ಗೆರೆಯ ಬಳಿ ಮತ್ತೆ ಅಭ್ಯಾಸ ಬೇಕು. ಎರಡನೆಯ ಅಥವಾ ಮೂರನೆಯ ವಾಕ್ಯ ತಪ್ಪಿದ್ದರೆ ನಿಯಮವನ್ನೇ ಮತ್ತೊಮ್ಮೆ ಬೋಧಿಸಬೇಕು.