ಎದುರಾಗದ ತಂಡಗಳಿಗೂ ರ್‍ಯಾಂಕ್: ಬ್ರಾಡ್ಲಿ–ಟೆರಿ ಮಾದರಿ

ಎಲ್ಲ ತಂಡಗಳೂ ಪರಸ್ಪರ ಆಡದಿದ್ದಾಗ ಬರೀ ಗೆಲುವು ಎಣಿಸಿದರೆ ಅನ್ಯಾಯವಾಗುತ್ತದೆ. ದುರ್ಬಲರೊಂದಿಗೇ ಆಡಿದ ತಂಡ ಮೇಲೇರಿಬಿಡುತ್ತದೆ. ಜರ್ಮನ್ ಗಣಿತಜ್ಞ ಅರ್ನ್ಸ್ಟ್ ಜೆರ್ಮೆಲೊ 1929ರಲ್ಲಿ ಚೆಸ್ ಟೂರ್ನಿಗಳಿಗಾಗಿ ಇದಕ್ಕೆ ದಾರಿ ತೋರಿಸಿದರು. 1952ರಲ್ಲಿ ರಾಲ್ಫ್ ಬ್ರಾಡ್ಲಿ ಮತ್ತು ಮಿಲ್ಟನ್ ಟೆರಿ ಅದೇ ಮಾದರಿಯನ್ನು ಸ್ವತಂತ್ರವಾಗಿ ರೂಪಿಸಿದರು.

ಪ್ರತಿ ತಂಡಕ್ಕೂ ಒಂದು ಬಲದ ಅಂಕ ಇರುತ್ತದೆ. ಗೆಲ್ಲುವ ಸಂಭವನೀಯತೆ ಎಂದರೆ, ತನ್ನ ಬಲವನ್ನು ಇಬ್ಬರ ಬಲದ ಮೊತ್ತದಿಂದ ಭಾಗಿಸಿದ್ದು.

ಒಂದು ಲೆಕ್ಕ ನೋಡಿ. ‘ಎ’ ತಂಡ ‘ಬಿ’ಯ ಜೊತೆ 4 ಪಂದ್ಯ ಆಡಿ 3 ಗೆದ್ದಿತು. ‘ಬಿ’ ತಂಡ ‘ಸಿ’ಯ ಜೊತೆ 3 ಆಡಿ 2 ಗೆದ್ದಿತು. ‘ಎ’ ಮತ್ತು ‘ಸಿ’ ಎದುರಾಗಲೇ ಇಲ್ಲ. ಎ:ಬಿ ಬಲ 3:1, ಬಿ:ಸಿ ಬಲ 2:1. ಜೋಡಿಸಿದರೆ ಎ:ಬಿ:ಸಿ = 6:2:1. ಹಾಗಾಗಿ ‘ಎ’ ತಂಡ ‘ಸಿ’ಯನ್ನು ಸೋಲಿಸುವ ಸಂಭವನೀಯತೆ 6/7, ಅಂದರೆ ಸುಮಾರು ಶೇ 86. ಇಲ್ಲಿ ‘ಬಿ’ಯೇ ಸೇತುವೆ.

ಸೇತುವೆಯೇ ಇಲ್ಲದೆ ತಂಡಗಳು ಎರಡು ಪ್ರತ್ಯೇಕ ಗುಂಪುಗಳಾಗಿ ಆಡಿದ್ದರೆ ಹೋಲಿಕೆ ಅಸಾಧ್ಯ. ಒಮ್ಮೆಯೂ ಸೋಲದ ತಂಡವೂ ತೊಡಕೇ: ಲೆಕ್ಕ ಮುಂದುವರಿದಂತೆ ಅದರ ಬಲ ಎಲ್ಲೂ ನಿಲ್ಲದೆ ಏರುತ್ತಲೇ ಹೋಗುತ್ತದೆ.