ತೃಪ್ತಿ ಎಂದು ಬರೆದರೆ ಸಾಲದು

ಮ್ಯೂನಿಕ್‌ನ ಹಳೆಯ ಕಂಪನಿ ಕೊಟ್ಟ ಪತ್ರದಲ್ಲಿ ಒಂದೂ ಕೆಟ್ಟ ಮಾತಿಲ್ಲ, ಆದರೂ ಸಂದರ್ಶನಕ್ಕೆ ಕರೆ ಬರುತ್ತಿಲ್ಲ ಎಂದಿದ್ದೀರಿ. ಜರ್ಮನಿಯ ಉದ್ಯೋಗ ಪ್ರಮಾಣಪತ್ರದಲ್ಲಿ ಬರೆದದ್ದಕ್ಕಿಂತ ಬಿಟ್ಟದ್ದನ್ನು ಮೊದಲು ನೋಡಬೇಕು.

ನೀವು ‘ನಮಗೆ ತೃಪ್ತಿಯಾಗುವಂತೆ’ ಕೆಲಸ ಮಾಡಿದಿರಿ ಎಂಬ ಸಾಲು ನಮ್ಮ ಕಿವಿಗೆ ಹಿತ. ಅಲ್ಲಿನ ಎಚ್‌ಆರ್‌ನವರು ಅದನ್ನು 4ನೇ ದರ್ಜೆ ಎಂದು ಓದುತ್ತಾರೆ, 1 ಅತ್ಯುತ್ತಮ. ‘ಪೂರ್ಣ ತೃಪ್ತಿ’ ಎಂದಿದ್ದರೆ 3. ಅದರ ಹಿಂದೆ ‘ಸದಾ’ ಎಂಬರ್ಥದ ‘ಷ್ಟೇಟ್ಸ್’ ಸೇರಿದರೆ 2. ‘ಪ್ರಯತ್ನಪಟ್ಟರು’ ಎಂದಷ್ಟೇ ಇದ್ದರೆ ಕೆಲಸ ಆಗಲಿಲ್ಲ ಎಂದರ್ಥ. ನಡವಳಿಕೆಯ ಸಾಲಿನಲ್ಲಿ ಮೇಲಧಿಕಾರಿಗಳಿಗಿಂತ ಮೊದಲು ಸಹೋದ್ಯೋಗಿಗಳ ಹೆಸರು ಬಂದಿದೆ. ಬಾಸ್ ಜತೆ ಹೊಂದಾಣಿಕೆ ಇರಲಿಲ್ಲ ಎಂಬ ಸೂಚನೆ ಅದು. ಬರೆದವರ ಅಜಾಗರೂಕತೆಯೂ ಇರಬಹುದು, ಹಾಗಾಗಿ ಅದೊಂದನ್ನೇ ಹಿಡಿದು ಕೊರಗಬೇಡಿ.

ತಿದ್ದಿಸಲು ದಾರಿಯಿದೆ. ಪತ್ರ ಸ್ಪಷ್ಟವಾಗಿರಬೇಕು, ಗೂಢಾರ್ಥ ಕೂಡದು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. 2014ರಲ್ಲಿ ಜರ್ಮನಿಯ ಫೆಡರಲ್ ಕಾರ್ಮಿಕ ನ್ಯಾಯಾಲಯ 3ನೇ ದರ್ಜೆಯನ್ನೇ ಸರಾಸರಿ ಎಂದು ಎತ್ತಿಹಿಡಿಯಿತು. ಅದಕ್ಕಿಂತ ಕಡಿಮೆ ಕೊಟ್ಟರೆ ಕಾರಣ ಸಾಬೀತುಪಡಿಸುವ ಹೊಣೆ ಕಂಪನಿಯದು. ಹೆಚ್ಚು ಬೇಕಿದ್ದರೆ ಹೊಣೆ ನಿಮ್ಮದು. ಆದ್ದರಿಂದ ಮೊದಲು ‘ಪೂರ್ಣ’ ಪದ ಸೇರಿಸುವಂತೆ, ಬೇಕಾದ ವಾಕ್ಯವನ್ನು ನೀವೇ ಬರೆದು, ಲಿಖಿತವಾಗಿ ಕೇಳಿ. ನಿಮ್ಮ ಹಳೆಯ ಅಪ್ರೈಸಲ್‌ಗಳು ಚೆನ್ನಾಗಿದ್ದರೆ ಪ್ರತಿ ಲಗತ್ತಿಸಿ ‘ಸದಾ’ ಕೂಡ ಕೇಳಬಹುದು. ಕೊನೆಯ ಧನ್ಯವಾದ, ಶುಭಹಾರೈಕೆಯ ಸಾಲನ್ನು ಮಾತ್ರ ಹಕ್ಕಿನಿಂದ ಕೇಳಲಾಗದು. ನಿಮ್ಮ ಒಪ್ಪಂದದಲ್ಲಿ ತಿದ್ದುಪಡಿಯ ಬೇಡಿಕೆಗೆ ಗಡುವು ಇದೆಯೇ ಎಂದು ಇವತ್ತೇ ನೋಡಿ.