ಸೆಂಟು ಬಾಟಲಿಯ ತಳ ನೋಡುವ ಮುನ್ನ

ಡಬ್ಬಿಯ ಮೇಲೆ ಎಂಆರ್‌ಪಿ 6,000 ರೂಪಾಯಿ, ಕೈಗೆ ಕೊಡುವ ಬೆಲೆ 1,500. ಶ್ರೀರಂಗಪಟ್ಟಣದ ಪ್ರವಾಸಿ ಜಾಗಗಳ ಸುತ್ತಲಿರಲಿ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿಯಿರಲಿ, ಕೆ.ಆರ್.ಪೇಟೆಯ ಹೇಮಗಿರಿ ಜಾತ್ರೆಯಿರಲಿ, ಜನ ಸೇರುವಲ್ಲಿ ಹೆಸರಾಂತ ವಿದೇಶಿ ಸೆಂಟನ್ನು ಯಾರಾದರೂ ಈ ಬೆಲೆಗೆ ಮುಂದೆ ಹಿಡಿದರೆ ಕೊಳ್ಳುವವರು ನಾಲ್ಕು ಗುರುತು ನೋಡುತ್ತಾರೆ: ತಳದ ಬ್ಯಾಚ್ ಕೋಡ್, ಸ್ಪ್ರೇಯ ತಲೆ, ಡಬ್ಬಿಯ ಜರಿ ಕಾಗದ, ಒಳಗಿನ ಬಣ್ಣ. ನಾಲ್ಕೂ ಸರಿಯಿದ್ದರೆ ಒರಿಜಿನಲ್ ಅನ್ನುವುದು ರೂಢಿಯ ಲೆಕ್ಕ. ನನಗೆ ಆ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಒಂದು ಗುರುತು ತಪ್ಪಿದರೆ ಅದು ನಕಲಿ ಎನ್ನಲು ಬಲವಾದ ಕಾರಣ ಸಿಗುತ್ತದೆ. ನಾಲ್ಕೂ ಸರಿಯಿದ್ದ ಮಾತ್ರಕ್ಕೆ ಅಸಲಿ ಎನ್ನಲು ಅಷ್ಟು ಬಲ ಸಿಗುವುದಿಲ್ಲ. ಯಾವ ಗುರುತಿಗೆ ಎಷ್ಟು ತೂಕ ಕೊಡಬೇಕೆಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಅದನ್ನು ನಕಲು ಮಾಡಲು ನಕಲಿಗಾರನಿಗೆ ಎಷ್ಟು ಖರ್ಚು?

ಹಾಗೆ ನೋಡಿದರೆ ಜರಿ ಕಾಗದ ಎಲ್ಲಕ್ಕಿಂತ ಅಗ್ಗದ ಸಾಕ್ಷಿ. ಕಾರ್ಖಾನೆಯ ಹೊದಿಕೆ ತೆಳ್ಳಗೆ, ಬಿಗಿಯಾಗಿ, ಎರಡು ತುದಿಯಲ್ಲಿ ಲಕೋಟೆಯ ಹಾಗೆ ಅಚ್ಚುಕಟ್ಟಾಗಿ ಮಡಿಸಿ ಶಾಖದಲ್ಲಿ ಅಂಟಿಸಿದ್ದಿರುತ್ತದೆ. ದಪ್ಪನೆಯ ಪ್ಲಾಸ್ಟಿಕ್, ಗಾಳಿಗುಳ್ಳೆ, ಗೋಂದಿನ ಕಲೆ ಕಂಡರೆ ಬಿಟ್ಟುಬಿಡಿ. ಆದರೆ ಹೊದಿಕೆ ಹಾಕುವ ಯಂತ್ರ ಯಾರ ಕೈಗೂ ಸಿಗುತ್ತದೆ, ಮತ್ತು ಹೊದಿಕೆಯೇ ಇಲ್ಲದೆ ಮಾರುವ ಅಸಲಿ ಕಂಪನಿಗಳೂ ಇವೆ. ನಮ್ಮದೇ ಉದಾಹರಣೆ ಬೇಕಿದ್ದರೆ, 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪಿನ ಘಟಕವೊಂದು ಸಿಕ್ಕಿಬಿತ್ತು; ಅಲ್ಲಿ ಸೋಪಿನ ಜೊತೆ ಖಾಲಿ ಡಬ್ಬಿಗಳೂ ಇದ್ದವು. ಒಂದು ಸೋಪಿಗಾಗಿಯೇ ಡಬ್ಬಿ ಅಚ್ಚು ಹಾಕಿಸುವವರಿರುವಾಗ, ಸಾವಿರಾರು ರೂಪಾಯಿಯ ಸೆಂಟಿಗೆ ಮಾಡಿಸದೆ ಇರುತ್ತಾರೆಯೇ?

ಬ್ಯಾಚ್ ಕೋಡಿನ ಮೇಲೆ ಜನರಿಗಿರುವ ನಂಬಿಕೆ ಅತಿಯಾದದ್ದು. ಒಂದೇ ಸಲ ತುಂಬಿಸಿದ ಬಾಟಲಿಗಳಿಗೆಲ್ಲ ಕಂಪನಿ ಕೊಡುವ ಕೆಲವೇ ಅಕ್ಷರ, ಅಂಕಿಗಳ ಗುರುತು ಅದು. ಬಾಟಲಿಯ ತಳದಲ್ಲೂ ಡಬ್ಬಿಯ ತಳದಲ್ಲೂ ಇರುತ್ತದೆ. ಎರಡೂ ಒಂದೇ ಆಗಿರಬೇಕು. ಆಗಿಲ್ಲದಿದ್ದರೆ ಮಾತು ಮುಗಿಯಿತು. ಆದರೆ ಆಗಿದ್ದರೆ? ಕೋಡ್ ಹಾಕಿದರೆ ತಯಾರಾದ ತಿಂಗಳು ಹೇಳುವ ಜಾಲತಾಣಗಳು ಆ ಅಕ್ಷರಗಳನ್ನು ಬಿಡಿಸಿ ದಿನಾಂಕ ತೋರಿಸುತ್ತವೆ, ಅಷ್ಟೇ. ಆ ಬಾಟಲಿ ನಿಜವಾಗಿ ಆ ಕಂಪನಿಯಿಂದ ಹೊರಬಂತೇ ಎಂದು ಅವು ನೋಡುವುದಿಲ್ಲ. ಒಂದು ಅಸಲಿ ಬಾಟಲಿಯ ಕೋಡನ್ನು ಹತ್ತು ಸಾವಿರ ನಕಲಿಗೆ ಹಾಕಿದರೂ ಹತ್ತು ಸಾವಿರಕ್ಕೂ ಸರಿಯಾದ ಉತ್ತರವೇ ಬರುತ್ತದೆ. ಕೋಡಿನಲ್ಲಿ ಇಸವಿಗೆ ಒಂದೇ ಅಂಕಿ ಇದ್ದರೆ ಹತ್ತು ವರ್ಷಕ್ಕೊಮ್ಮೆ ಅದೇ ಮರಳುವುದರಿಂದ ಉತ್ತರದಲ್ಲೇ ಗೊಂದಲ. ಕೋಡಿನಿಂದ ನಿಜವಾದ ಕೆಲಸ ತೆಗೆಯುವ ದಾರಿ ಬೇರೆ ಇದೆ. ಅಂಗಡಿಯವನ ಬಳಿ ಅದೇ ಕಂಪನಿಯ ಎರಡು ಮೂರು ಬೇರೆ ಬೇರೆ ಪರಿಮಳದ ಬಾಟಲಿ ಕೇಳಿ, ತಳ ತಿರುಗಿಸಿ ನೋಡಿ. ಒಂದೇ ಪರಿಮಳದ ಹತ್ತು ಬಾಟಲಿಗೆ ಒಂದೇ ಕೋಡ್ ಇರುವುದು ಸಹಜ. ಬೇರೆ ಬೇರೆ ಪರಿಮಳಕ್ಕೂ ಅದೇ ಕೋಡ್ ಇದ್ದರೆ ಎಲ್ಲಕ್ಕೂ ಒಬ್ಬನೇ ಅಚ್ಚು ಹಾಕಿರಬಹುದೆಂದು ಅನುಮಾನಿಸಿ. ಆಮೇಲೆ ಆಮದುದಾರನ ಚೀಟಿ ಓದಿ. ಕಾನೂನಿನಂತೆ ಆಮದಾದ ಸೌಂದರ್ಯವರ್ಧಕದ ಮೇಲೆ ಆಮದುದಾರನ ಹೆಸರು, ವಿಳಾಸ ಮತ್ತು ನೋಂದಣಿ ಪ್ರಮಾಣಪತ್ರದ ಸಂಖ್ಯೆ ಇರಬೇಕು. ಚೀಟಿ ಹೇಳುವ ತಯಾರಿಕೆಯ ತಿಂಗಳು, ಕೋಡ್ ಬಿಡಿಸಿದಾಗ ಬರುವ ತಿಂಗಳು ಎರಡಕ್ಕೂ ತಾಳೆಯಿಲ್ಲದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಚೀಟಿಯೇ ಇಲ್ಲದ ಬಾಟಲಿ ಒಂದೋ ನಕಲಿ, ಇಲ್ಲವೇ ಯಾರದೋ ಸೂಟ್‌ಕೇಸಿನಲ್ಲಿ ಬಂದದ್ದು. ಎರಡನೆಯದು ಅಸಲಿಯೇ ಇರಬಹುದು, ಆದರೆ ತಕರಾರು ಬಂದರೆ ಕೇಳಲು ಇಲ್ಲಿ ಯಾರೂ ಇರುವುದಿಲ್ಲ.

ನಾನು ಹೆಚ್ಚು ತೂಕ ಕೊಡುವುದು ಸ್ಪ್ರೇಗೆ. ಕಾರಣ ಸರಳ, ಒಳ್ಳೆಯ ಪಂಪಿಗೆ ದುಡ್ಡು ಹಾಕಬೇಕು, ನಕಲಿಗಾರ ಉಳಿತಾಯ ಮಾಡುವುದೇ ಅಲ್ಲಿ. ಮುಚ್ಚಳ ತೆಗೆದು ಕುತ್ತಿಗೆಯ ಲೋಹದ ಪಟ್ಟಿ ನೋಡಿ. ಬಹುಪಾಲು ದುಬಾರಿ ಬಾಟಲಿಗಳಲ್ಲಿ ಅದು ಗಾಜಿಗೆ ಒತ್ತಿ ಕೂರಿಸಿದ್ದು, ನೆಟ್ಟಗಿರುತ್ತದೆ, ತಿರುಗಿಸಿದರೆ ಅಲುಗಾಡುವುದಿಲ್ಲ. ಒಳಗಿನ ಕೊಳವೆ ತೆಳ್ಳಗಿದ್ದು ದ್ರವದಲ್ಲಿ ಕಂಡೂ ಕಾಣದಂತೆ ಮರೆಯಾಗುತ್ತದೆ, ತಳದ ಮೂಲೆಗೆ ಸರಿಯಾಗಿ ಮುಟ್ಟುತ್ತದೆ. ದಪ್ಪನೆಯ ಬಿಳಿ ಕೊಳವೆ ತಳದಲ್ಲಿ ಸುರುಳಿ ಸುತ್ತಿಕೊಂಡಿದ್ದರೆ, ಬೇರೆ ಬಾಟಲಿಗೆ ಮಾಡಿದ್ದನ್ನು ಇದಕ್ಕೆ ತುರುಕಿದ್ದಾರೆ. ಪರೀಕ್ಷೆಗೆ ಇಟ್ಟ ಬಾಟಲಿ ಇದ್ದರೆ ಒಂದು ಗೇಣು ದೂರದಿಂದ ಬಿಳಿ ಕಾಗದಕ್ಕೆ ಒತ್ತಿ. ಹೊಸ ಬಾಟಲಿಯಲ್ಲಿ ಮೊದಲ ಮೂರು ನಾಲ್ಕು ಒತ್ತು ಬರೀ ಗಾಳಿ, ಅದು ದೋಷವಲ್ಲ. ಆಮೇಲೆ ಮಂಜಿನಂತೆ ಹರಡಿ ಸಮವಾದ ತೇವ ಬೀಳಬೇಕು. ಪಿಚಕಾರಿಯಂತೆ ಗೆರೆ ಎಳೆದರೆ, ಹನಿ ತೊಟ್ಟಿಕ್ಕಿದರೆ, ಕುತ್ತಿಗೆಯಲ್ಲಿ ಒಸರಿದರೆ ಕೈಬಿಡಿ. ಮಿತಿಯೂ ಉಂಟು: ಮರಳಿ ತುಂಬಿಸಲೆಂದೇ ತಿರುಪಿನ ಕುತ್ತಿಗೆ ಇಟ್ಟಿರುವ ಅಸಲಿ ಬಾಟಲಿಗಳಿವೆ. ಅಲ್ಲದೆ ಖಾಲಿಯಾದ ಅಸಲಿ ಬಾಟಲಿಯನ್ನೇ ಮತ್ತೆ ತುಂಬಿಸಿದ್ದರೆ ಪಂಪೂ ಅಸಲಿ, ಕೋಡೂ ಅಸಲಿ, ಒಳಗಿನದು ಮಾತ್ರ ಸುಳ್ಳು.

ಬಣ್ಣ ಇವುಗಳಲ್ಲಿ ಅತ್ಯಂತ ಚಂಚಲ ಸಾಕ್ಷಿ. ಸಾರಿನ ಹಾಗೆ ಕದಡಿದ್ದರೆ, ತಳದಲ್ಲಿ ಗಸಿ ಕಂಡರೆ, ಬಣ್ಣ ಢಾಳಾಗಿದ್ದರೆ ಅನುಮಾನಿಸಬಹುದು. ಆದರೆ ವೆನಿಲಿನ್ ಇರುವ ಅಸಲಿ ಸೆಂಟು ಗಾಳಿ, ಬಿಸಿಲು ತಾಗಿದಂತೆ ತಾನಾಗಿ ಕಂದು ತಿರುಗುತ್ತದೆ. ಗಾಜಿನ ಬೀರುವಿನಲ್ಲಿ ತಿಂಗಳುಗಟ್ಟಲೆ ಬಿಸಿಲು ಕುಡಿದ ಅಸಲಿ ಬಾಟಲಿ, ಹೊಸದಾಗಿ ತುಂಬಿದ ನಕಲಿಗಿಂತ ಕೆಟ್ಟದಾಗಿ ಕಾಣಬಹುದು.

ಇಷ್ಟೆಲ್ಲ ಯಾಕೆ, ಅರ್ಧಕ್ಕರ್ಧ ಅಸಲಿಯಾಗುವ ಸಾಧ್ಯತೆ ಇದ್ದರೂ 1,500ಕ್ಕೆ ಲಾಭವಲ್ಲವೇ ಎಂದು ಲೆಕ್ಕ ಬಲ್ಲವರು ಕೇಳಬಹುದು. ಕೇಳಬೇಕಾದ್ದೇ. ಅಂಗಡಿಯಲ್ಲಿ ಅದೇ ಬಾಟಲಿ ರಿಯಾಯಿತಿಯಲ್ಲಿ 5,000ಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ನಕಲಿಯಾಗಿದ್ದರೆ ಒಳಗಿನದು ಹೆಚ್ಚೆಂದರೆ 150 ರೂಪಾಯಿ ಬಾಳುತ್ತದೆ. ನೂರರಲ್ಲಿ 28ರಷ್ಟು ಅಸಲಿಯಾಗುವ ಸಾಧ್ಯತೆ ಇದ್ದರೂ ನಿಮ್ಮ ದುಡ್ಡಿಗೆ ಮೋಸವಿಲ್ಲ, ಕಾಗದದ ಮೇಲೆ. ಆದರೆ ಆ ಸಾಧ್ಯತೆಯನ್ನು ನಾಣ್ಯ ಚಿಮ್ಮಿದಂತೆ ಊಹಿಸಲಾಗದು, ಏಕೆಂದರೆ ಮಾರುವವನಿಗೆ ಒಳಗೇನಿದೆ ಗೊತ್ತು. ಮೈಸೂರಿನಲ್ಲಿ ಸುಲಭವಾಗಿ 4,000ಕ್ಕೆ ಹೋಗುವ ಅಸಲಿ ಮಾಲನ್ನು ನಾಗಮಂಗಲದ ಬಸ್ ನಿಲ್ದಾಣದಲ್ಲಿ ನಿಮಗೆ 1,500ಕ್ಕೆ ಕೊಡಲು ಅವನಿಗೇನು ಬಂದಿದೆ? ಕಸ್ಟಮ್ಸ್ ಮಾಲು, ಅಂಗಡಿ ಮುಚ್ಚುತ್ತಿದ್ದೇವೆ ಎಂಬ ಕತೆಗಳೆಲ್ಲ ಈ ಪ್ರಶ್ನೆಗೆ ಸಿದ್ಧಪಡಿಸಿದ ಉತ್ತರಗಳು. ಆದ್ದರಿಂದ ನನ್ನ ಐದನೆಯ ಗುರುತು ಬಿಲ್ಲು. ಕರ್ನಾಟಕದಲ್ಲಿ ನೋಂದಾಯಿತ ಅಂಗಡಿಯ ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದು, 29ರಿಂದ ಶುರುವಾಗುತ್ತದೆ; gst.gov.in ನಲ್ಲಿ ಹಾಕಿದರೆ ಅಂಗಡಿಯ ಹೆಸರು ಬರುತ್ತದೆ. ಸಣ್ಣ ಅಂಗಡಿ ಕಾಂಪೊಸಿಷನ್ ಪದ್ಧತಿಯಲ್ಲಿದ್ದರೆ ಬಿಲ್ಲಿನಲ್ಲಿ ತೆರಿಗೆ ಬೇರೆಯಾಗಿ ಕಾಣುವುದಿಲ್ಲ, ಅಷ್ಟಕ್ಕೇ ಕಳ್ಳ ಬಿಲ್ಲು ಎನ್ನಬೇಡಿ. ಬಿಲ್ಲಿನಲ್ಲಿ ಕಂಪನಿಯ ಹೆಸರು, ಪರಿಮಳದ ಹೆಸರು, ಸಾಧ್ಯವಾದರೆ ಬ್ಯಾಚ್ ಕೋಡೂ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಆ ಹಿಂಜರಿಕೆ ಜರಿ ಕಾಗದಕ್ಕಿಂತ ಹೆಚ್ಚು ಹೇಳುತ್ತದೆ.

ವಾಸನೆ ಚೆನ್ನಾಗಿದ್ದರೆ ಸಾಕು, ನಕಲಿಯಾದರೇನು ಎನ್ನುವವರ ವಾದ ಇನ್ನೊಂದು. ಫಸ್ಟ್ ಕಾಪಿ ಎಂದು ಹೇಳಿಯೇ ಮಾರುವವನೂ ಆ ವಾದವನ್ನೇ ಮಾರುತ್ತಾನೆ. ಆದರೆ ತಯಾರಕನ ವಿಳಾಸವಿಲ್ಲದ ಬಾಟಲಿಯಲ್ಲಿ ಯಾವ ಸ್ಪಿರಿಟ್ ಇದೆ ಎಂದು ಹೇಳುವವರಿಲ್ಲ, ಕುತ್ತಿಗೆಯಲ್ಲಿ ಗುಳ್ಳೆ ಎದ್ದರೆ ಹೊಣೆ ಹೊರುವವರೂ ಇಲ್ಲ. ಅದೇ 1,500ಕ್ಕೆ ಪರವಾನಗಿ ಸಂಖ್ಯೆ ಅಚ್ಚಾದ ಭಾರತದ ಒಳ್ಳೆಯ ಸೆಂಟೊಂದು, ಜೊತೆಗೆ ತೊಲದ ಲೆಕ್ಕದಲ್ಲಿ ಒಂದಿಷ್ಟು ಅತ್ತರು ಬಿಲ್ಲಿನ ಸಮೇತ ಬರುತ್ತವೆ. ಈಗಾಗಲೇ ಕೊಂಡು ಮೋಸ ಹೋಗಿದ್ದರೆ ಬಾಟಲಿ, ಡಬ್ಬಿ, ಜರಿ ಕಾಗದ ಯಾವುದನ್ನೂ ಎಸೆಯದೆ, ಎರಡೂ ತಳದ ಫೋಟೊ ತೆಗೆದಿಟ್ಟು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅವರು ಮೊದಲು ಕೇಳುವ ಕಾಗದಗಳಲ್ಲಿ ಆ ಬಿಲ್ಲೂ ಇರುತ್ತದೆ.